ಗೋಡೆಯ ಬಳಿ ಬರಲಾಗದವರು ಬರೆದ ಚಿತ್ರ: ಫಿಲಡೆಲ್ಫಿಯಾದ ಒಂದು ಪ್ರಕರಣ

ಅಮೆರಿಕದ ಫಿಲಡೆಲ್ಫಿಯಾ ನಗರದ ಹಳೆಯ ಬಡಾವಣೆಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಕಟ್ಟಿದವು. ಎರಡು ಮನೆಗೆ ನಡುವೆ ಒಂದೇ ಗೋಡೆ. ಕಾರ್ಖಾನೆಗಳು ಮುಚ್ಚಿ, ಜನ ಊರು ಬಿಟ್ಟು, ಪಾಳುಬಿದ್ದ ಮನೆಗಳನ್ನು ನಗರಾಡಳಿತ ಒಂದೊಂದಾಗಿ ಕೆಡವುತ್ತ ಬಂದಾಗ, ಅಲ್ಲಿಯವರೆಗೆ ಎರಡು ಮನೆಗಳ ನಡುವೆ ಅಡಗಿದ್ದ ಆ ಪಾಲುಗೋಡೆಗಳು ಬಯಲಿಗೆ ಬಂದವು. ಎರಡು ಮೂರು ಅಂತಸ್ತಿನ ಎತ್ತರ, ಕಿಟಕಿ ಬಾಗಿಲು ಇಲ್ಲ, ಕೆಲವು ಕಡೆ ಕೆಡವಿದ ಮನೆಯ ಮೆಟ್ಟಿಲಿನ ಗುರುತು ಇನ್ನೂ ಗಾರೆಯಲ್ಲಿ ಕಾಣುತ್ತದೆ. ಕೆಳಗೆ ಕಸ ತುಂಬಿದ ಖಾಲಿ ನಿವೇಶನ. ಈ ನಗರ ಗೋಡೆಚಿತ್ರಗಳಿಗೆ ಹೆಸರಾದದ್ದಕ್ಕೆ ಕಲಾಪ್ರೇಮ ಒಂದೇ ಕಾರಣವಲ್ಲ, ಕೆಡವಿದ ಮನೆಗಳೂ ಕಾರಣ.

ಆರಂಭವೂ ಕಲೆಯ ಹೆಸರಿನಲ್ಲಿ ಆಗಿದ್ದಲ್ಲ. 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಅವರ ಆಡಳಿತ ಗೋಡೆಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಗೀಚುವುದನ್ನು ತಡೆಯಲು ಒಂದು ಯೋಜನೆ ಶುರು ಮಾಡಿತು. ಗೀಚುವ ಹುಡುಗರನ್ನು ಬರೀ ಶಿಕ್ಷಿಸುವ ಬದಲು ಕೆಲಸಕ್ಕೆ ಹಚ್ಚಬೇಕು ಎಂದು ಜೇನ್ ಗೋಲ್ಡನ್ ಎಂಬ ಕಲಾವಿದೆಯನ್ನು ನೇಮಿಸಿಕೊಂಡರು. ಹುಡುಗರಿಗೆ ಕೈಚಳಕ ಇತ್ತು, ಎತ್ತರ ಹತ್ತುವ ಧೈರ್ಯವೂ ಇತ್ತು. ಆ ಕೆಲಸ ಬೆಳೆದು 1996ರ ಹೊತ್ತಿಗೆ ನಗರದ ಮ್ಯೂರಲ್ ಆರ್ಟ್ಸ್ ಕಾರ್ಯಕ್ರಮವಾಯಿತು. ಅದರಡಿಯಲ್ಲಿ ಈವರೆಗೆ ಮೂಡಿದ ಚಿತ್ರಗಳು ಸಾವಿರಗಳ ಲೆಕ್ಕದಲ್ಲಿವೆ. ಅವುಗಳಲ್ಲಿ ನಾನು ಆರಿಸಿಕೊಂಡಿರುವುದು 2004ರಲ್ಲಿ ಉತ್ತರ ಫಿಲಡೆಲ್ಫಿಯಾದ ಜರ್ಮನ್‌ಟೌನ್ ಅವೆನ್ಯೂದಲ್ಲಿ ಮುಗಿದ ಒಂದು ಜೋಡಿ ಚಿತ್ರ: ‘ಹೀಲಿಂಗ್ ವಾಲ್ಸ್’. ಸಮುದಾಯದ ಪಾಲ್ಗೊಳ್ಳುವಿಕೆ ಎಂದು ಎಲ್ಲರೂ ಸುಲಭವಾಗಿ ಆಡುವ ಮಾತು ನಿಜಕ್ಕೂ ಕಷ್ಟಕ್ಕೆ ಸಿಕ್ಕಿಕೊಂಡದ್ದು ಇಲ್ಲಿ.

ಕಷ್ಟ ಏನೆಂದರೆ, ಚಿತ್ರ ಬರೆಯಬೇಕಾದವರಲ್ಲಿ ಒಂದು ಗುಂಪು ಗೋಡೆಯ ಹತ್ತಿರ ಬರುವಂತೆಯೇ ಇರಲಿಲ್ಲ. ಅವರು ನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಗ್ರೇಟರ್‌ಫೋರ್ಡ್ ಜೈಲಿನ ಕೈದಿಗಳು. ಅವರಲ್ಲಿ ಜೀವಾವಧಿ ಶಿಕ್ಷೆಯವರೂ ಇದ್ದರು. ಆಗ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜೀವಾವಧಿ ಎಂದರೆ ಪೆರೋಲ್, ಅಂದರೆ ಷರತ್ತಿನ ಮೇಲಿನ ಬಿಡುಗಡೆ, ಇರಲಿಲ್ಲ. ನಮ್ಮಲ್ಲಿಯಂತೆ ಹದಿನಾಲ್ಕು ವರ್ಷದ ಮೇಲೆ ಬಿಡುಗಡೆಯ ಅರ್ಜಿ ಪರಿಶೀಲನೆಗೆ ಬರುವ ದಾರಿಯೂ ಅಲ್ಲಿರಲಿಲ್ಲ. ಇನ್ನೊಂದು ಗುಂಪು ಅಪರಾಧಕ್ಕೆ ಬಲಿಯಾದವರು, ಕೊಲೆಯಾದವರ ಮನೆಯವರು, ಅವರ ಪರ ದುಡಿಯುವವರು. ಮೂರನೆಯದು ಆ ಗೋಡೆಯ ಅಕ್ಕಪಕ್ಕದ ನಿವಾಸಿಗಳು. ಈ ಮೂವರೂ ಸೇರಿ ಅಪರಾಧ ಮತ್ತು ಚೇತರಿಕೆಯ ಬಗ್ಗೆ ಒಂದು ಚಿತ್ರ ಬರೆಯಬೇಕು ಎಂಬುದು ಯೋಜನೆ. ಸೀಸರ್ ವಿವೆರೋಸ್ ಮತ್ತು ಪ್ಯಾರಿಸ್ ಸ್ಟಾನ್ಸೆಲ್ ಎಂಬ ಇಬ್ಬರು ಕಲಾವಿದರು ಇದನ್ನು ವಹಿಸಿಕೊಂಡರು.

ಗೋಡೆಗೆ ಬರಲಾಗದವರು ಗೋಡೆಯ ಮೇಲೆ ಹೇಗೆ ಬರೆಯುತ್ತಾರೆ? ಇದಕ್ಕೆ ಉತ್ತರ ಆ ನಗರದಲ್ಲಿ ಆಗಲೇ ಬಳಕೆಯಲ್ಲಿತ್ತು. 1990ರಲ್ಲಿ ಲಾಸ್ ಏಂಜಲೀಸ್‌ನ ಕೆಂಟ್ ಟ್ವಿಚೆಲ್ ಫಿಲಡೆಲ್ಫಿಯಾಕ್ಕೆ ಬಂದು ಬಾಸ್ಕೆಟ್‌ಬಾಲ್ ಆಟಗಾರ ಜೂಲಿಯಸ್ ಅರ್ವಿಂಗ್ ಅವರ ಮೂರು ಅಂತಸ್ತಿನ ಚಿತ್ರ ಮಾಡಿದ್ದರು. ಆಟದ ಉಡುಪಿನಲ್ಲಿ ಅಲ್ಲ, ಸೂಟು ಹಾಕಿಕೊಂಡು ನಿಂತ ಚಿತ್ರ. ಅವರು ನೇರ ಗೋಡೆಯ ಮೇಲೆ ಬರೆಯದೆ, ಮೊದಲು ಬಟ್ಟೆಯ ತುಂಡುಗಳ ಮೇಲೆ ಬರೆದು, ಆಮೇಲೆ ಆ ತುಂಡುಗಳನ್ನು ಗೋಡೆಗೆ ಅಂಟಿಸುವ ವಿಧಾನವನ್ನು ಅಲ್ಲಿಗೆ ತಂದರು. ಅಲ್ಲಿನವರು ಅದನ್ನು ಪ್ಯಾರಾಶೂಟ್ ಬಟ್ಟೆ ಎನ್ನುತ್ತಾರೆ. ಈಗ ಬಳಸುವುದು ನೂಲಿನಿಂದ ನೇಯದ, ತೆಳ್ಳನೆಯ ಬಿಳಿ ಪಾಲಿಯೆಸ್ಟರ್ ಹಾಳೆ. ಮದುವೆಮನೆಗಳಲ್ಲಿ ತಾಂಬೂಲ ಹಾಕಿಕೊಡುವ ನೇಯದ ಬಟ್ಟೆಯ ಚೀಲವನ್ನು ಮುಟ್ಟಿ ನೋಡಿದ್ದರೆ ಅದರ ಅಂದಾಜು ಸಿಗುತ್ತದೆ. ಕತ್ತರಿಸಿದರೆ ಅಂಚಿನಲ್ಲಿ ಎಳೆ ಬಿಚ್ಚುವುದಿಲ್ಲ, ಬಣ್ಣವನ್ನೂ ಅಂಟನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಕಾಗಿದ್ದ ಗುಣ ಅವೇ.

ಕೆಲಸ ನಡೆಯುವುದು ಹೀಗೆ. ಕಲಾವಿದರು ಕಾಗದದ ಮೇಲೆ ಮಾಡಿದ ಮೂಲ ಚಿತ್ರವನ್ನು ಚೌಕಗಳಾಗಿ ಭಾಗ ಮಾಡುತ್ತಾರೆ. ಗೋಡೆಯ ಮೇಲೆ ಒಂದೊಂದು ಚೌಕವೂ ಸಾಮಾನ್ಯವಾಗಿ 5 ಅಡಿಗೆ 5 ಅಡಿ. 30 ಅಡಿ ಅಗಲ, 20 ಅಡಿ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ. ಅಡ್ಡಕ್ಕೆ ಆರು, ಉದ್ದಕ್ಕೆ ನಾಲ್ಕು, ಒಟ್ಟು 24 ತುಂಡು. ಪ್ರತಿ ತುಂಡಿನ ಮೇಲೂ ಅದರ ಸಾಲು ಮತ್ತು ಸ್ಥಾನದ ಗುರುತು ಹಾಕಿ, ಪ್ರೊಜೆಕ್ಟರಿನಿಂದ ಮೂಲದ ಆ ಭಾಗವನ್ನು ದೊಡ್ಡದಾಗಿ ಬೀಳಿಸಿ ಗೆರೆ ಎಳೆದುಕೊಳ್ಳುತ್ತಾರೆ. ಆಮೇಲೆ ಗೆರೆಗಳ ನಡುವಿನ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಒಂದು ಮುಖದಲ್ಲೇ ಬೆಳಕು, ನಸುನೆರಳು, ದಟ್ಟ ನೆರಳು ಎಂದು ಹತ್ತಾರು ಚೂರುಗಳಾಗುತ್ತವೆ. ಬಣ್ಣಗಳನ್ನು ಕಲಾವಿದರೇ ಮೊದಲು ಕಲಸಿ, ಡಬ್ಬಿಗಳಲ್ಲಿ ತುಂಬಿ, ಅದೇ ಸಂಖ್ಯೆಗಳನ್ನು ಅಂಟಿಸಿರುತ್ತಾರೆ. ಹನ್ನೆರಡನೆಯ ಡಬ್ಬಿಯ ಬಣ್ಣ ಹನ್ನೆರಡು ಎಂದು ಬರೆದ ಜಾಗಕ್ಕೆ. ಕುಂಚ ಹಿಡಿದು ಅಭ್ಯಾಸವೇ ಇಲ್ಲದವರೂ ಇಲ್ಲಿ ಕೆಲಸ ಕೆಡಿಸುವುದು ಕಷ್ಟ. ಕೆಟ್ಟರೂ ಕೆಡುವುದು ಒಂದು ತುಂಡು.

ಈ ಸರಳ ಉಪಾಯದಿಂದ ಚಿತ್ರಶಾಲೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಾಯಿತು. ಅಟ್ಟಣಿಗೆ ಹತ್ತಲಾಗದ ಅಜ್ಜಿಯರು, ಶಾಲೆಯ ಮಕ್ಕಳು, ಗಾಲಿಕುರ್ಚಿಯಲ್ಲಿರುವವರು ಮೇಜಿನ ಸುತ್ತ ಕೂತು ಬರೆಯಬಹುದು. ಫಿಲಡೆಲ್ಫಿಯಾದ ಚಳಿಗಾಲದಲ್ಲಿ ಹೊರಗೆ ಅಕ್ರಿಲಿಕ್ ಬಣ್ಣ ಸರಿಯಾಗಿ ಕೂಡುವುದಿಲ್ಲ. ಆ ತಿಂಗಳುಗಳಲ್ಲಿ ಒಳಗೆ ಕೂತು ಬರೆದು, ಬೆಚ್ಚಗಾದ ಮೇಲೆ ಅಂಟಿಸಬಹುದು. ಜೈಲಿನ ಮಟ್ಟಿಗಂತೂ ಇದು ಬಾಗಿಲನ್ನೇ ತೆರೆಯಿತು. ಬಟ್ಟೆಯ ಸುರುಳಿ, ಬಣ್ಣದ ಡಬ್ಬಿ, ಕುಂಚ ಒಳಗೆ ಹೋದವು. ಬರೆದ ತುಂಡುಗಳು ಹೊರಗೆ ಬಂದವು. ಅದೇ ಚಿತ್ರದ ಬೇರೆ ತುಂಡುಗಳನ್ನು ಹೊರಗಿನವರು ಬರೆದರು. ಕೈದಿ ಬರೆದ ಚೌಕದ ಪಕ್ಕದಲ್ಲಿ ಸಂತ್ರಸ್ತರ ಮನೆಯವರು ಬರೆದ ಚೌಕ ಬಂದು ಕೂಡುವಾಗ ಗೆರೆ ಗೆರೆಗೆ ಹೊಂದಬೇಕು. ಅದನ್ನು ನೋಡಿಕೊಳ್ಳುವುದು ಕಲಾವಿದರ ಕೆಲಸ.

ಆದರೆ ಸಂಖ್ಯೆ ನೋಡಿ ಬಣ್ಣ ತುಂಬುವುದನ್ನೇ ಪಾಲ್ಗೊಳ್ಳುವಿಕೆ ಎಂದು ನಾನು ಒಪ್ಪುವುದಿಲ್ಲ. ಅದು ಶ್ರಮದಾನ. ಒಳ್ಳೆಯದೇ, ಆದರೆ ಅಲ್ಲಿ ಯಾರೂ ಏನನ್ನೂ ನಿರ್ಧರಿಸುವುದಿಲ್ಲ. ನಿರ್ಧಾರವಾಗುವುದು ಅದಕ್ಕೆ ಮೊದಲಿನ ಸಭೆಗಳಲ್ಲಿ. ಫಿಲಡೆಲ್ಫಿಯಾದ ರೂಢಿಯಲ್ಲಿ ಬಡಾವಣೆಯವರೇ ಗೋಡೆಗಾಗಿ ಅರ್ಜಿ ಹಾಕಬಹುದು. ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಮೊದಲ ಸಭೆಯಲ್ಲಿ ಕಲಾವಿದರು ಚಿತ್ರ ತರುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಆಮೇಲೆ ಕರಡು ಚಿತ್ರ ಸಭೆಯ ಮುಂದೆ ಬರುತ್ತದೆ, ಜನ ತಪ್ಪು ಹಿಡಿಯುತ್ತಾರೆ, ಮತ್ತೆ ತಿದ್ದುಪಡಿ. ಜನ ಬೇಡ ಎಂದರೆ ಕರಡು ಬಿದ್ದುಹೋಗಬೇಕು. ಆ ಅಧಿಕಾರ ಇಲ್ಲದ ಸಭೆ ಬರೀ ಪ್ರಕಟಣೆ.

ಗ್ರೇಟರ್‌ಫೋರ್ಡ್ ಪ್ರಕರಣದಲ್ಲಿ ಆ ಅಧಿಕಾರ ಪರೀಕ್ಷೆಗೆ ಬಂತು. ಕೈದಿಗಳು ಮತ್ತು ಸಂತ್ರಸ್ತರು ಜೈಲಿನೊಳಗೆ ಮುಖಾಮುಖಿ ಕೂತು ಮಾತಾಡಿದರು. ಕೈದಿಗಳಿಗೆ ತಮ್ಮ ಪಶ್ಚಾತ್ತಾಪ, ತಾವು ಬದಲಾದದ್ದು ಚಿತ್ರದಲ್ಲಿ ಬರಬೇಕು. ಸಂತ್ರಸ್ತರಲ್ಲಿ ಹಲವರ ಪ್ರಶ್ನೆ: ತಮ್ಮ ನೋವಿನ ಚಿತ್ರದಲ್ಲಿ ಅಪರಾಧ ಮಾಡಿದವನ ಬದಲಾವಣೆಯ ಕಥೆ ಏಕೆ ಬರಬೇಕು? ಕ್ಷಮೆ ಎಂಬುದನ್ನು ಒಬ್ಬರು ಕೇಳಬಹುದು, ಇನ್ನೊಬ್ಬರು ಕೊಡಲೇಬೇಕೆಂದೇನೂ ಇಲ್ಲ. ಈ ಜಗಳವನ್ನೆಲ್ಲ ದಾಖಲಿಸಿದ ಸಾಕ್ಷ್ಯಚಿತ್ರವೊಂದು 2009ರಲ್ಲಿ ಬಂತು. ಸಿಂಡಿ ಬರ್‌ಸ್ಟೈನ್ ಮತ್ತು ಟೋನಿ ಹೆರಿಜಾ ಮಾಡಿದ ‘ಕಾಂಕ್ರೀಟ್, ಸ್ಟೀಲ್ ಅಂಡ್ ಪೇಂಟ್’.

ಇಂಥ ಬಿಕ್ಕಟ್ಟಿನಲ್ಲಿ ಸಾಮಾನ್ಯವಾಗಿ ಆಗುವುದೇನು? ಯಾರಿಗೂ ನೋವಾಗದ ಒಂದು ಚಿತ್ರ ಹುಡುಕುತ್ತಾರೆ. ಪಾರಿವಾಳ, ಸೂರ್ಯೋದಯ, ಕೈ ಕೈ ಹಿಡಿದ ಮಕ್ಕಳು. ಎಲ್ಲರೂ ಒಪ್ಪುತ್ತಾರೆ, ಯಾರೂ ನೋಡುವುದಿಲ್ಲ. ಇಲ್ಲಿ ಹಾಗಾಗಲಿಲ್ಲ. ಒಂದು ಗೋಡೆಯ ಬದಲು ಎರಡು ಗೋಡೆ ತೆಗೆದುಕೊಂಡರು. ಒಂದು ಸಂತ್ರಸ್ತರ ಪಯಣ, ಇನ್ನೊಂದು ಕೈದಿಗಳ ಪಯಣ. ಎರಡೂ ಅದೇ ರಸ್ತೆಯಲ್ಲಿ, ಹತ್ತಿರ ಹತ್ತಿರ. ವಿನ್ಯಾಸವನ್ನು ಬೇರೆ ಮಾಡಿದರೂ ದುಡಿಮೆಯನ್ನು ಬೇರೆ ಮಾಡಲಿಲ್ಲ. ಎರಡು ಕಡೆಯವರೂ ಸೇರಿ ಬಟ್ಟೆಗೆ ಬಣ್ಣ ಹಾಕಿದರು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದ್ದು ಅನಿಸಿದ್ದು ಇದೇ ನಿರ್ಧಾರ. ಒಮ್ಮತ ಬರಲಿಲ್ಲ ಎಂಬುದನ್ನು ಮುಚ್ಚಿಡದೆ ಊರಿನ ಮುಂದೆ ಎರಡು ಗೋಡೆಯಾಗಿ ನಿಲ್ಲಿಸಿದರು. ಖರ್ಚು ಹೆಚ್ಚು, ಗೋಡೆ ಹುಡುಕುವ ಓಡಾಟ ಹೆಚ್ಚು. ಹಾಗೆಂದು ಎಲ್ಲ ಜಗಳಕ್ಕೂ ಎರಡನೆಯ ಗೋಡೆ ಮದ್ದಲ್ಲ. ಬಣ್ಣ ಯಾವುದಿರಲಿ, ಯಾವ ನಾಯಕರ ಮುಖ ಹಾಕಲಿ ಎಂಬ ಜಗಳಗಳನ್ನು ಸಭೆಯಲ್ಲೇ ಬಗೆಹರಿಸಬೇಕು. ಒಂದೇ ಘಟನೆಯನ್ನು ಇಬ್ಬರು ಎರಡು ತುದಿಯಿಂದ ಬದುಕಿರುವಾಗ ಮಾತ್ರ ಎರಡು ಗೋಡೆಗೆ ಅರ್ಥವಿದೆ.

ಇನ್ನು ಅಂಟಿಸುವ ಕೆಲಸ. ಫೋಟೋಗಳಲ್ಲಿ ಇದು ಅರ್ಧ ದಿನದ ಹಬ್ಬದಂತೆ ಕಾಣುತ್ತದೆ, ಆದರೆ ಇಡೀ ಯೋಜನೆ ಉಳಿಯುವುದೂ ಅಳಿಯುವುದೂ ಇಲ್ಲೇ. ಪಾಲುಗೋಡೆಗಳು ಮಳೆ ಬಿಸಿಲಿಗೆ ಒಡ್ಡಿಕೊಳ್ಳಲಿ ಎಂದು ಕಟ್ಟಿದವಲ್ಲ. ಒಳಗಿರುವ ಗೋಡೆಗೆ ಒಳ್ಳೆಯ ಇಟ್ಟಿಗೆ ಏಕೆ ಎಂದು ಮೆದು ಇಟ್ಟಿಗೆ, ಸುಣ್ಣದ ಗಾರೆ ಹಾಕಿರುತ್ತಾರೆ. ಆದ್ದರಿಂದ ಮೊದಲು ಒತ್ತಡದ ನೀರಿನಿಂದ ತೊಳೆದು, ಸಡಿಲವಾದದ್ದನ್ನೆಲ್ಲ ಕೆರೆದು, ಇಟ್ಟಿಗೆ ಸಂದುಗಳಿಗೆ ಗಾರೆ ತುಂಬಿ, ಬೇಕಾದಲ್ಲಿ ಇಡೀ ಗೋಡೆಗೆ ಗಿಲಾವು ಮಾಡಿ, ಅದು ಪೂರ್ತಿ ಒಣಗಿದ ಮೇಲೆ ಪ್ರೈಮರ್. ಆಮೇಲೆ ಮೇಲಿನ ಸಾಲಿನಿಂದ ಕೆಳಕ್ಕೆ ತುಂಡುಗಳನ್ನು ಹಚ್ಚುತ್ತಾರೆ. ಅಂಟು ಎಂದರೆ ಅಕ್ರಿಲಿಕ್ ಜೆಲ್, ಬಣ್ಣದಲ್ಲಿರುವ ಅದೇ ಅಕ್ರಿಲಿಕ್, ಬಣ್ಣದ ಪುಡಿ ಮಾತ್ರ ಇಲ್ಲ. ಗೋಡೆಗೂ ಬಟ್ಟೆಯ ಹಿಂಬದಿಗೂ ಧಾರಾಳವಾಗಿ ಬಳಿದು, ತುಂಡನ್ನು ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತಿ ಉಜ್ಜಿ ಗಾಳಿ ಹೊರಗೆ ಹಾಕುತ್ತಾರೆ. ಜೆಲ್ ಒಣಗಿದಾಗ ಕೆಳಗಿನ ಪ್ರೈಮರ್, ಬಟ್ಟೆ, ಮೇಲಿನ ಬಣ್ಣ ಎಲ್ಲ ಒಂದೇ ಪದರವಾಗುತ್ತದೆ. ಕೊನೆಗೆ ಕಲಾವಿದರು ಅಟ್ಟಣಿಗೆ ಹತ್ತಿ ತುಂಡುಗಳ ಕೂಡುಗೆರೆಗಳ ಮೇಲೆ ಬಣ್ಣ ಹಚ್ಚಿ ಮರೆಮಾಡುತ್ತಾರೆ, ಮುಖಗಳನ್ನು ತಿದ್ದುತ್ತಾರೆ. ಸಂಖ್ಯೆಯಲ್ಲಿ ತುಂಬಿದ ಚಿತ್ರಕ್ಕೆ ಜೀವ ಬರುವುದು ಈ ಹಂತದಲ್ಲಿ. ಚೆನ್ನಾಗಿ ಕೂಡಿದ್ದರೆ ನಾಲ್ಕು ಅಡಿ ದೂರದಿಂದಲೂ ಬಟ್ಟೆ ಇದೆ ಎಂದು ಗೊತ್ತಾಗುವುದಿಲ್ಲ, ಇಟ್ಟಿಗೆಯ ಒರಟೂ ಬಟ್ಟೆಯ ಮೂಲಕ ಕಾಣುತ್ತದೆ.

ಕೆಡುವುದು ಎರಡು ಬಗೆಯಲ್ಲಿ. ಒಂದು ಅಂಟಿಸಿದ ದಿನವೇ ಗೊತ್ತಾಗುತ್ತದೆ: ಜೆಲ್ ಸಾಲದೆ ಒಣಗಿದ ಕಡೆ ಗುಳ್ಳೆ ಏಳುತ್ತದೆ, ಅಂಚು ಮೇಲೇಳುತ್ತದೆ. ಅಂಗೈಯಲ್ಲಿ ತಟ್ಟಿದರೆ ಟೊಳ್ಳು ಸದ್ದು. ಅಲ್ಲಿ ಸೀಳಿ ಮತ್ತೆ ಜೆಲ್ ತುಂಬಿ ಒತ್ತಿದರೆ ಸರಿಹೋಗುತ್ತದೆ. ಇನ್ನೊಂದು ಬಗೆ ವರ್ಷಗಳ ಮೇಲೆ ಬರುತ್ತದೆ, ಅದಕ್ಕೆ ಚಿತ್ರದ ಮೇಲೆ ಮದ್ದಿಲ್ಲ. ಗೋಡೆಯ ತಲೆಯಿಂದಲೋ ಬುಡದಿಂದಲೋ ನೀರು ಒಳಸೇರುತ್ತದೆ. ಮುಂಭಾಗದಲ್ಲಿ ಅಕ್ರಿಲಿಕ್ ಪದರ ಇರುವುದರಿಂದ ಆ ಕಡೆಯಿಂದ ಸುಲಭವಾಗಿ ಆರುವುದಿಲ್ಲ. ಇಟ್ಟಿಗೆಯೊಳಗಿನ ಲವಣ ನೀರಿನ ಜೊತೆ ಮೇಲ್ಮೈಗೆ ಬಂದು ಪದರದ ಹಿಂದೆ ಬಿಳಿ ಪುಡಿಯಾಗಿ ಕೂರುತ್ತದೆ, ಚಿತ್ರವನ್ನು ಹಿಂದಿನಿಂದ ನೂಕುತ್ತದೆ. ಚಳಿ ದೇಶದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಆಗ ಬಣ್ಣ ಬಿಡಿ, ಇಟ್ಟಿಗೆಯೇ ಚಿತ್ರದ ಸಮೇತ ಕಿತ್ತುಬರುತ್ತದೆ. ಆದ್ದರಿಂದ ಬಲ್ಲವರು ಗೋಡೆಯ ಮುಖ ನೋಡುವ ಮೊದಲು ಅದರ ತಲೆ ನೋಡುತ್ತಾರೆ. ಮಾಳಿಗೆಯ ನೀರು ಎಲ್ಲಿಗೆ ಹೋಗುತ್ತದೆ, ಕೊಳವೆ ಒಡೆದಿದೆಯೇ, ಗೋಡೆಯ ನೆತ್ತಿಗೆ ಹೊದಿಕೆ ಇದೆಯೇ.

ನಮ್ಮ ಊರುಗಳಿಗೆ ಇದನ್ನು ತರಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಸಭೆಯನ್ನು ತನ್ನಿ, ಸಂಖ್ಯೆಯ ಉಪಾಯವನ್ನು ತನ್ನಿ, ಬಟ್ಟೆಯನ್ನು ಮಾತ್ರ ಗೋಡೆ ನೋಡಿ ತನ್ನಿ. 2009ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಪೋಸ್ಟರ್ ಹಾವಳಿ ತಡೆಯಲು ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸೈನ್‌ಬೋರ್ಡ್ ಕಲಾವಿದರಿಗೆ ಆಗ ಕೆಲಸ ಸಿಕ್ಕಿತು, ಹಂಪಿ, ಅರಮನೆ, ಹುಲಿ, ಜಲಪಾತ ಎಲ್ಲ ಗೋಡೆಗೆ ಬಂದವು. ಅವರ ಕೈಚಳಕಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು, ಆ ಗೋಡೆಯ ಎದುರು ವಾಸಿಸುವವರನ್ನು ಏನು ಬೇಕೆಂದು ಕೇಳುವ ಹಂತದಲ್ಲಿ. ಫಿಲಡೆಲ್ಫಿಯಾದ ಗೋಡೆ ಮುಗಿಯಲು ತಿಂಗಳುಗಟ್ಟಲೆ ಹಿಡಿಯುವುದು ಈ ಹಂತದಿಂದಲೇ.

ಬಟ್ಟೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಕೈಗೆ ಸಿಗುವ ಗೋಡೆಗಳು ಹೆಚ್ಚಾಗಿ ಕಾಂಪೌಂಡ್ ಗೋಡೆಗಳು: ಶಾಲೆ, ಆಸ್ಪತ್ರೆ, ಬಸ್ ಡಿಪೋ. ಐದಾರು ಅಡಿ ಎತ್ತರ, ಒಂದು ಕಡೆ ಮಣ್ಣು ತುಂಬಿದ್ದು, ಬುಡದಲ್ಲಿ ಚರಂಡಿ. ಮಳೆಗಾಲ ಮುಗಿದು ತಿಂಗಳಾದರೂ ಕೆಳಗಿನ ಎರಡು ಅಡಿ ಆರುವುದಿಲ್ಲ. ಅಂಥ ಗೋಡೆಗೆ ಬಟ್ಟೆ ಅಂಟಿಸಿದರೆ ಬುಡದಿಂದಲೇ ಏಳುತ್ತದೆ. ತಿಳಿಯಲು ಸುಲಭದ ಪರೀಕ್ಷೆ ಇದೆ: ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಬಿಗಿಯಾಗಿ ಅಂಟಿಸಿ, ಮರುದಿನ ತೆಗೆದು ನೋಡಿ. ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಗೋಡೆಯ ಬಣ್ಣ ಗಾಢವಾಗಿದ್ದರೆ ಅಲ್ಲಿ ಬಟ್ಟೆ ಬೇಡ. ಒಂದೇ ಜಾಗದಲ್ಲಲ್ಲ, ಬುಡ, ನಡು, ನೆತ್ತಿ ಮೂರೂ ಕಡೆ ನೋಡಬೇಕು. ತೇವ ಬುಡದಲ್ಲಿ ಮಾತ್ರ ಇದ್ದರೆ ಕೆಳಗಿನ ಎರಡು ಅಡಿಯನ್ನು ಕೆಮ್ಮಣ್ಣು ಬಣ್ಣದ ಬರೀ ಪಟ್ಟಿಯಾಗಿ ಬಿಟ್ಟು, ಚಿತ್ರವನ್ನು ಅದರ ಮೇಲಿನಿಂದ ಶುರುಮಾಡಬಹುದು. ಪಟ್ಟಿ ಹಾಳಾದಾಗ ಒಂದು ಡಬ್ಬಿ ಬಣ್ಣದಲ್ಲಿ ಮತ್ತೆ ಬಳಿಯಬಹುದು. ಇಡೀ ಗೋಡೆ ತೇವವಾಗಿದ್ದರೆ ಅಲ್ಲಿ ಸುಣ್ಣ ಬಳಿದು ಸುಮ್ಮನಿರುವುದೇ ಲೇಸು. ಒಣ ಗೋಡೆ ಸಿಕ್ಕರೂ ನಮ್ಮ ಬೇಸಿಗೆಯ ಮಧ್ಯಾಹ್ನ ಅಂಟಿಸಬಾರದು. ಕಾದ ಗೋಡೆಯ ಮೇಲೆ ಜೆಲ್ ಬಟ್ಟೆ ಕೂರಿಸುವಷ್ಟರಲ್ಲೇ ಒಣಗಿಬಿಡುತ್ತದೆ. ಗೋಡೆ ನೆರಳಿಗೆ ಬರುವ ಹೊತ್ತು ನೋಡಿಕೊಂಡು ದಿನಕ್ಕೆ ಒಂದೆರಡು ಸಾಲು ಮುಗಿಸಬೇಕು.

ಕೊನೆಗೆ ಒಪ್ಪಂದದ ಮಾತು. ಫಿಲಡೆಲ್ಫಿಯಾದ ಚಿತ್ರಗಳ ದೊಡ್ಡ ಶತ್ರು ಈಗ ಮಳೆಯಲ್ಲ, ಭೂಮಿಯ ಬೆಲೆ. ಚಿತ್ರದ ಕೆಳಗಿನ ಖಾಲಿ ನಿವೇಶನ ಇನ್ನೊಬ್ಬರದು. ಬಡಾವಣೆಗೆ ಬೆಲೆ ಬಂದಾಗ ಅಲ್ಲಿ ಮತ್ತೆ ಮನೆ ಏಳುತ್ತದೆ, ಪಾಲುಗೋಡೆ ಮತ್ತೆ ಪಾಲುಗೋಡೆಯಾಗುತ್ತದೆ, ಚಿತ್ರ ಎರಡು ಮನೆಗಳ ನಡುವೆ ಮುಚ್ಚಿಹೋಗುತ್ತದೆ. ಹೀಗೆ ಹಲವು ಚಿತ್ರಗಳು ಹೋಗಿವೆ, ಗೋಡೆಯ ಮಾಲೀಕನ ಒಪ್ಪಿಗೆ ಅದನ್ನು ತಡೆಯಲಾರದು. ಹೀಗಾಗಿ ಗೋಡೆ ಆರಿಸುವಾಗ ಅದರ ಮಾಲೀಕನ ಜೊತೆಗೆ ಅದರೆದುರಿನ ಜಾಗ ಯಾರದು, ಅಲ್ಲಿ ಕಟ್ಟಲು ಪರವಾನಗಿ ಕೇಳಿದ್ದಾರೆಯೇ ಎಂದೂ ವಿಚಾರಿಸಬೇಕು. ಒಪ್ಪಂದದಲ್ಲಿ ಎಷ್ಟು ವರ್ಷ ಚಿತ್ರ ಇರುತ್ತದೆ, ಗೋಡೆ ರಿಪೇರಿ ಯಾರ ಖರ್ಚು, ಮಾರುವ ಅಥವಾ ಕೆಡವುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು ಎಂದು ಬರೆಸಿಕೊಳ್ಳಬೇಕು. ಮೂಲ ಕರಡು, ಸಂಖ್ಯೆ ಹಾಕಿದ ಚೌಕಗಳ ನಕ್ಷೆ, ಬಣ್ಣ ಕಲಸಿದ ಅಳತೆಗಳನ್ನು ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಇಟ್ಟರೆ, ಈ ಗೋಡೆ ಹೋದ ದಿನ ಅದೇ ಚಿತ್ರವನ್ನು ಇನ್ನೊಂದು ಗೋಡೆಗೆ ಬರೆಯಲು ಹೊಸದಾಗಿ ಬೇಕಾಗುವುದು ಬಟ್ಟೆ, ಬಣ್ಣ ಮತ್ತು ಇನ್ನೊಬ್ಬ ಮಾಲೀಕನ ಸಹಿ.